ಎರಡನೇ ಸಮನ್ಸು

ಸೂರತ್ತಿನ ಬಟ್ಟೆ ದಲಾಲರೊಬ್ಬರು ಅಹಮದಾಬಾದಿನ ಕಾಲುಪುರ ಸ್ಟೇಷನ್ನಿನ ಎದುರಿಗಿದ್ದ ಉಡುಪಿ ಹೋಟೆಲಿನಲ್ಲಿ ಬಿದ್ದು ಹುಬ್ಬು ಒಡೆದುಕೊಂಡರು. ಆಗ ನಾನು ವಕೀಲಳಾಗಿ ಮೂರು ತಿಂಗಳೂ ಆಗಿರಲಿಲ್ಲ. ಗುಜರಾತ್ ಬೇರೆ ರಾಜ್ಯವಾಗಿ ಮೂರ್ನಾಲ್ಕು ವರ್ಷವಾಗಿತ್ತು. ಮುಂಬಯಿಯ ಹೈಕೋರ್ಟಿನಲ್ಲಿ ಶೀಘ್ರಲಿಪಿಕಾರರಾಗಿದ್ದ ನನ್ನ ತಂದೆ ರಾಜ್ಯ ಒಡೆದಾಗ ಹೊಸ ಹೈಕೋರ್ಟಿಗೆ ಬಂದವರು. ಅವರ ಹಿಂದೆ ನಾನು, ಅವ್ವ, ಎರಡು ಟ್ರಂಕು. ಅಲ್ಲಿಯೇ ಕಾನೂನು ಓದಿ, ತಂದೆಗೆ ಪರಿಚಯವಿದ್ದ ಹಿರಿಯ ಗುಜರಾತಿ ವಕೀಲರೊಬ್ಬರ ಕಚೇರಿಗೆ ಸೇರಿಕೊಂಡಿದ್ದೆ.

ಧಾರವಾಡದ ಹುಡುಗಿಗೆ ಅಲ್ಲಿನ ಕೆಳಕೋರ್ಟಿನ ಭಾಷೆ ಅಷ್ಟೇನೂ ಪರಕೀಯ ಅನಿಸಲಿಲ್ಲ. ಕೋರ್ಟಿನ ವಾಯಿದೆಗೆ ನಮ್ಮೂರಿನಲ್ಲಿ ಮುದ್ದತು ಅಂದರೆ ಅಲ್ಲಿ ಮುದತ್. ನಮ್ಮ ಫಿರ್ಯಾದಿ ಅಲ್ಲಿ ಫರಿಯಾದಿ. ನಕಲು, ವಕೀಲ, ಆರೋಪಿ, ಜಾಮೀನು ಎಲ್ಲ ಒಂದೇ. ವಾಕ್ಯ ತಪ್ಪಿದರೂ ಶಬ್ದಗಳು ನನ್ನ ಕೈಬಿಡುತ್ತಿರಲಿಲ್ಲ. ನಮ್ಮ ಹಿರಿಯ ವಕೀಲರನ್ನು ನಾನು ಸಾಹೇಬರು ಎನ್ನುತ್ತಿದ್ದೆ, ಅವರು ನನ್ನನ್ನು ಬೆನ್, ಅಂದರೆ ತಂಗಿ, ಎನ್ನುತ್ತಿದ್ದರು. ಅವರ ಗುಜರಾತಿಯನ್ನು ಇಲ್ಲಿ ನನಗೆ ನೆನಪಿದ್ದಂತೆ ಕನ್ನಡದಲ್ಲೇ ಬರೆಯುತ್ತೇನೆ.

ಹೋಟೆಲಿನ ಮಾಲೀಕರು ಕುಂದಾಪುರದ ಕಡೆಯವರು. ಐವತ್ತರ ಹತ್ತಿರದ ವಯಸ್ಸು, ಎತ್ತರದ ಆಳು, ಬೆಳಗಿನ ಐದರಿಂದ ಕಾಲ ಮೇಲೆ ನಿಂತೇ ಇರುವವರು. ಕನ್ನಡ ಮಾತಾಡುವ ವಕೀಲಳೊಬ್ಬಳು ಊರಿನಲ್ಲಿದ್ದಾಳೆ ಎಂದು ಯಾರೋ ಹೇಳಿದ್ದಕ್ಕೆ ನಮ್ಮ ಕಚೇರಿಗೆ ಬಂದರು. ಕೈಯಲ್ಲಿ ಮ್ಯಾಜಿಸ್ಟ್ರೇಟ್ ಕೋರ್ಟಿನ ಸಮನ್ಸು.

"ತಂಗೀ, ನಾನು ದೂಡಿದ್ದು ಹೌದು," ಎಂದು ಕುಳಿತವರೇ ಶುರುಮಾಡಿದರು. "ಆದ್ರೆ ಬೀಳ್ಲಿ ಅಂತ ದೂಡಿದ್ದಲ್ಲ. ದೇವ್ರಾಣೆ ಅಲ್ಲ."

ನಡೆದದ್ದು ಇಷ್ಟು. ದಲಾಲರು ವಾರಕ್ಕೊಮ್ಮೆ ಸೂರತ್ತಿನಿಂದ ರೈಲಿನಲ್ಲಿ ಬಂದು, ಇಳಿದೊಡನೆ ಇದೇ ಹೋಟೆಲಿನಲ್ಲಿ ಇಡ್ಲಿ ತಿಂದು ಮುಂದೆ ಹೋಗುವ ಹಳೆಯ ಗಿರಾಕಿ. ಆ ಶನಿವಾರ ತಿಂಡಿಯ ನೂಕುನುಗ್ಗಲಿನ ಹೊತ್ತಿನಲ್ಲಿ ಅವರು ಎರಡು ಮೇಜು ಸೇರಿಸಿಕೊಂಡು ರೇಷ್ಮೆ ಸೀರೆಯ ಮಾದರಿ ತುಂಡುಗಳನ್ನು ಹರಡಿ, ಅಂಗಡಿಯವರೊಬ್ಬರಿಗೆ ತೋರಿಸುತ್ತ ಕುಳಿತರು. ಜನ ತಟ್ಟೆ ಹಿಡಿದು ನಿಂತಿದ್ದರು. ಮಾಲೀಕರು ಎರಡು ಸಲ ಕೇಳಿಕೊಂಡರು. ಮೂರನೆಯ ಸಲ ತಾವೇ ತುಂಡುಗಳನ್ನು ಒಟ್ಟುಮಾಡಲು ಹೋದರು. ಪಕ್ಕದ ಬಟ್ಟಲಿನ ಸಾಂಬಾರು ಉರುಳಿ ಕೇಸರಿ ಬಣ್ಣದ ತುಂಡೊಂದರ ಮೇಲೆ ಹರಿಯಿತು. ದಲಾಲರು ಎದ್ದು ಇವರ ಅಂಗಿಯ ಕಾಲರು ಹಿಡಿದರು. ಇವರು ದೂಡಿದರು. ದಲಾಲರು ಪಕ್ಕಕ್ಕೆ ಮುಗ್ಗರಿಸಿ ಅಮೃತಶಿಲೆಯ ಮೇಜಿನ ಅಂಚಿಗೆ ಬಿದ್ದರು. ಹುಬ್ಬಿನ ಮೇಲೆ ಗಾಯ, ನಾಲ್ಕು ಹೊಲಿಗೆ.

ದಲಾಲರು ಪೊಲೀಸರ ಬಳಿಗೆ ಹೋಗದೆ ನೇರವಾಗಿ ಮ್ಯಾಜಿಸ್ಟ್ರೇಟರ ಮುಂದೆ ಫಿರ್ಯಾದು ಕೊಟ್ಟಿದ್ದರು. ಬೇಕೆಂದೇ ಗಾಯಪಡಿಸಿದರು ಎಂಬ ಆರೋಪ, ದಂಡಸಂಹಿತೆಯ ಮುನ್ನೂರ ಇಪ್ಪತ್ತಮೂರನೇ ಕಲಮು. ದೊಡ್ಡ ಅಪರಾಧವಲ್ಲ. ಆದರೂ ಒಂದು ವರ್ಷದವರೆಗೆ ಶಿಕ್ಷೆಯಾಗಬಹುದಾದದ್ದು.

ಮೊದಲ ಮುದ್ದತ್ತಿಗೆ ನಾನು ಸಾಹೇಬರ ಹಿಂದೆ ಚೀಲ ಹಿಡಿದು ಹೋದೆ. ದಲಾಲರ ಕಡೆಯಿಂದ ಬಂದಿದ್ದವರು ಅವರ ವಕೀಲರು ಮಾತ್ರ. ಮ್ಯಾಜಿಸ್ಟ್ರೇಟರು ಆರೋಪವನ್ನು ಓದಿ ಹೇಳಿ, ತಪ್ಪು ಒಪ್ಪುತ್ತೀಯಾ ಎಂದು ಕೇಳಿದರು. ಮಾಲೀಕರು ಕಟಕಟೆಯೊಳಗೆ ಸೀದಾ ನಿಂತು, "ಒಪ್ಪೋದಿಲ್ಲ ಸಾಹೇಬ್," ಎಂದರು. ಅದನ್ನು ಬರೆದುಕೊಂಡು ಸಾಕ್ಷಿಗೆ ದಿನ ಕೊಟ್ಟರು. ಆ ದಿನ ಬಂದಾಗ ಫಿರ್ಯಾದಿಯ ಹೆಸರನ್ನು ಮೂರು ಸಲ ಕೂಗಿದರು. ದಲಾಲರಿಲ್ಲ. ಅವರ ವಕೀಲರೂ ಇಲ್ಲ. ಮಧ್ಯಾಹ್ನದವರೆಗೂ ಕಾದು ಮತ್ತೆ ಕೂಗಿಸಿ, ಮ್ಯಾಜಿಸ್ಟ್ರೇಟರು ಅವಸರದಲ್ಲಿ ಏನೋ ಬರೆದು ಕಾಗದ ಪಕ್ಕಕ್ಕಿಟ್ಟರು. "ಹೋಗಬಹುದು," ಎಂದರು ಮಾಲೀಕರಿಗೆ.

ಹೊರಗೆ ಬಂದಾಗ ಸಾಹೇಬರು ನನಗೆ ಹೇಳಿದ್ದು ಒಂದೇ ಮಾತು: "ಬೆನ್, ಇವತ್ತಿನ ಆದೇಶದ ನಕಲಿಗೆ ಅರ್ಜಿ ಹಾಕಿಬಿಡಿ."

ನಾನು ಹಾಕಲಿಲ್ಲ. ಮುಗಿದ ಕೇಸಿನ ನಕಲು ಯಾರಿಗೆ ಬೇಕು ಅಂದುಕೊಂಡೆ. ಆ ಸಂಜೆ ಹೋಟೆಲಿನಲ್ಲಿ ಮಾಲೀಕರ ಹೆಂಡತಿ ನನ್ನನ್ನು ಒಳಗೆ ಕರೆದು ಬಿಸಿ ಬಿಸಿ ಗೋಳಿಬಜೆ ಕೊಟ್ಟರು. ನಾನು ಅವರನ್ನು ನಮ್ಮ ಕಡೆಯಂತೆ ವೈನಿ ಎಂದು ಕರೆದೆ. "ಅದೆಂತ ಹೆಸರು ಅದು?" ಎಂದು ನಕ್ಕರು. ಅಣ್ಣನ ಹೆಂಡತಿಗೆ ಹಾಗನ್ನುತ್ತೇವೆ ಎಂದೆ. ಅಂದಿನಿಂದ ಮಾಲೀಕರು ನನಗೆ ಅಣ್ಣಾರಾದರು.

ಐದು ತಿಂಗಳು ಕಳೆದವು. ಒಂದು ಬೆಳಿಗ್ಗೆ ಅಣ್ಣಾರು ಮತ್ತೆ ಕಚೇರಿಯ ಮೆಟ್ಟಿಲು ಹತ್ತಿ ಬಂದರು. ಕಾಗದವೊಂದನ್ನು ನನ್ನ ಮುಂದಿಟ್ಟರು. ಎರಡನೇ ಸಮನ್ಸು. ಅದೇ ಫಿರ್ಯಾದಿ, ಅದೇ ಶನಿವಾರ, ಅದೇ ಮೇಜು, ಅದೇ ಕಲಮು. ಹೊಸದೆಂದರೆ ಒಂದು ಕಪಾಳಮೋಕ್ಷ ಮಾತ್ರ. ಮೊದಲ ಫಿರ್ಯಾದಿನಲ್ಲಿ ಅದು ಇರಲಿಲ್ಲ.

"ತಂಗೀ, ಆಗ ಬಿಟ್ಟಿದ್ರಲ್ಲ? ಬಿಟ್ಟ ಮೇಲೆ ಪುನಃ ಕರಿಲಿಕ್ಕೆ ಉಂಟಾ?" ಎಂದರು. "ಹೀಗೆ ಅವ್ರಿಗೆ ಸಿಟ್ಟು ಬಂದಾಗೆಲ್ಲ ನಾನು ಹೋಗಿ ಕಟಕಟೆಯಲ್ಲಿ ನಿಲ್ಲೂದಾ? ಮೊನ್ನೆಯಿಂದ ಇವ್ಳು ಊಟ ಸರಿ ಮಾಡ್ಲಿಲ್ಲ."

"ಕರೀಲಿಕ್ಕೆ ಬರೂದಿಲ್ರೀ ಅಣ್ಣಾರ," ಎಂದೆ ನಾನು. ಎಷ್ಟು ಧೈರ್ಯವಾಗಿ ಹೇಳಿದೆನೆಂದರೆ ಈಗ ನೆನೆಸಿಕೊಂಡರೆ ನಗು ಬರುತ್ತದೆ. "ನಮ್ಮ ಸಂವಿಧಾನದಾಗ ಬರದೈತಿ. ಒಂದಽ ಅಪರಾಧಕ್ಕ ಎರಡು ಸಲ ವಿಚಾರಣಾ ಮಾಡೂ ಹಂಗಿಲ್ಲ. ಇಪ್ಪತ್ತನೇ ಅನುಚ್ಛೇದ. ನೀವು ಮನೀಗೆ ಹೋಗಿ ವೈನಿಗೆ ಹೇಳ್ರಿ, ಕಾಳಜಿ ಬ್ಯಾಡ."

ಅವರು ಸಮಾಧಾನವಾಗಿ ಹೋದರು. ಸಾಹೇಬರು ಮಧ್ಯಾಹ್ನ ಬಂದಾಗ ನಾನು ಎರಡು ಪುಟದ ಟಿಪ್ಪಣಿಯನ್ನೇ ಬರೆದಿಟ್ಟಿದ್ದೆ. ಅವರು ನಿಂತುಕೊಂಡೇ ಓದಿ, ಕನ್ನಡಕ ತೆಗೆದರು.

"ಸಂವಿಧಾನ ತೆಗೆಯಿರಿ ಬೆನ್. ಇಪ್ಪತ್ತನೇ ಅನುಚ್ಛೇದದ ಎರಡನೇ ಖಂಡ. ಗಟ್ಟಿಯಾಗಿ ಓದಿ."

ಓದಿದೆ. ಒಂದೇ ಅಪರಾಧಕ್ಕೆ ಯಾರನ್ನೂ ಒಂದಕ್ಕಿಂತ ಹೆಚ್ಚು ಸಲ ಮೊಕದ್ದಮೆಗೆ ಗುರಿಪಡಿಸಿ ಶಿಕ್ಷಿಸತಕ್ಕದ್ದಲ್ಲ ಎಂಬ ಅರ್ಥದ ಸಾಲು.

"ಗುರಿಪಡಿಸಿ, ಶಿಕ್ಷಿಸಿ. ಎರಡೂ ಆಗಿರಬೇಕು. ನಿಮ್ಮ ಅಣ್ಣನಿಗೆ ಮೊದಲ ಸಲ ಶಿಕ್ಷೆಯಾಗಿತ್ತೇ?"

"ಇಲ್ಲ ಸಾಹೇಬ್."

"ಹಾಗಾದರೆ ಸಂವಿಧಾನದ ಈ ಸಾಲು ಅವನಿಗಲ್ಲ. ಒಮ್ಮೆ ಶಿಕ್ಷೆ ಉಂಡವನನ್ನು ಅದು ಕಾಯುತ್ತದೆ. ಬಿಡುಗಡೆಯಾದವನನ್ನು ಕಾಯುವುದು ನಮ್ಮ ಹಳೆಯ ಪ್ರಕ್ರಿಯಾ ಸಂಹಿತೆ. ನಾನೂರ ಮೂರನೇ ಕಲಮು. ಅಧಿಕಾರವಿದ್ದ ಕೋರ್ಟು ಒಮ್ಮೆ ವಿಚಾರಣೆ ಮಾಡಿ ಶಿಕ್ಷೆ ಕೊಟ್ಟಿರಲಿ, ಖುಲಾಸೆ ಮಾಡಿರಲಿ, ಆ ತೀರ್ಪು ಊರ್ಜಿತವಾಗಿರುವ ತನಕ ಅದೇ ಅಪರಾಧಕ್ಕೆ ಮತ್ತೆ ವಿಚಾರಣೆಯಿಲ್ಲ. ಗೊತ್ತಾಯಿತೆ? ಈಗ ಆ ಖುಲಾಸೆಯ ನಕಲು ಕೊಡಿ."

ಅರ್ಜಿಯನ್ನೇ ಹಾಕಿಲ್ಲ ಎಂದು ಒಪ್ಪಿಕೊಂಡೆ. ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಮರುದಿನ ದಫ್ತರಖಾನೆಗೆ ಹೋದೆ. ಹಳೆಯ ಕಡತಗಳ ಕಾರಕೂನ ಬಟ್ಟೆಯ ಗಂಟುಗಳ ನಡುವೆ ಕುಳಿತು ಚಹಾವನ್ನು ತಟ್ಟೆಗೆ ಬಗ್ಗಿಸಿಕೊಂಡು ಕುಡಿಯುತ್ತಿದ್ದ. ಕೇಸಿನ ನಂಬರು ಕೊಟ್ಟು, ಅರ್ಜಿಗೆ ಸ್ಟಾಂಪು ಹಚ್ಚಿ, ಒಂದು ವಾರ ದಿನವೂ ಹೋಗಿ ನಿಂತೆ. ಎಂಟನೆಯ ದಿನ ನಕಲು ಕೈಗೆ ಬಂತು. ಅಲ್ಲೇ ಕಂಬಕ್ಕೊರಗಿ ಓದಿದೆ. ರೋಜ್‌ಕಾಮ್ ಎಂದು ಅಲ್ಲಿ ಕರೆಯುವ, ಆಯಾ ದಿನದ ನಡವಳಿ ಬರೆಯುವ ಹಾಳೆ. ಆ ದಿನಾಂಕದ ಮುಂದೆ ಒಂದೇ ಸಾಲಿತ್ತು: 'ಫಿರ್ಯಾದಿ ಗೈರುಹಾಜರು. ಫಿರ್ಯಾದು ವಜಾ. ಕಡತ ಮುಕ್ತಾಯ.'

ಖುಲಾಸೆ ಎಂಬ ಶಬ್ದ ಎಲ್ಲಿಯೂ ಇರಲಿಲ್ಲ.

ಆ ವಾರ ಪೂರ್ತಿ ನಾನೂರ ಮೂರನೇ ಕಲಮನ್ನು ಬಾಯಿಪಾಠ ಮಾಡಿದ್ದ ನನಗೆ ಅದರ ಕೆಳಗಿನ ವಿವರಣೆಯೂ ಗೊತ್ತಿತ್ತು. ಫಿರ್ಯಾದು ವಜಾ ಆದರೆ ಅದು ಈ ಕಲಮಿನ ಮಟ್ಟಿಗೆ ಖುಲಾಸೆಯಲ್ಲ ಎಂದು ಅಲ್ಲಿ ಸ್ಪಷ್ಟವಾಗಿ ಬರೆದಿದೆ. ಅಣ್ಣಾರಿಗೆ ಧೈರ್ಯ ಹೇಳಿ ಕಳಿಸಿದವಳು ನಾನು. ಅಂದೇ ನಕಲಿಗೆ ಅರ್ಜಿ ಹಾಕಿದ್ದರೆ ಈ ಶಬ್ದ ಅಂದೇ ಕಣ್ಣಿಗೆ ಬೀಳುತ್ತಿತ್ತು, ಅದೇ ಮ್ಯಾಜಿಸ್ಟ್ರೇಟರ ಗಮನಕ್ಕೆ ತರಬಹುದಿತ್ತು. ಈಗ ಅವರು ವರ್ಗವಾಗಿ ಹೋಗಿ ಆ ಕುರ್ಚಿಯಲ್ಲಿ ಬೇರೆಯವರು ಕುಳಿತಿದ್ದರು.

ಮನೆಯಲ್ಲಿ ಊಟಕ್ಕೆ ಕುಳಿತಾಗ ತಂದೆ ನನ್ನ ಮುಖ ನೋಡಿ, "ಯಾಕವ್ವಾ, ಏನಾತು?" ಎಂದರು. ಹೇಳಿದೆ. ಅವರು ನ್ಯಾಯಾಧೀಶರ ಮಾತನ್ನು ಬರೆದುಕೊಳ್ಳುವುದರಲ್ಲೇ ಜೀವ ಸವೆಸಿದವರು. ರೊಟ್ಟಿ ಮುರಿಯುತ್ತ, "ಬರದವರು ಏನು ಬರದಾರ ಅನ್ನೂದು ಬ್ಯಾರೆ. ಅವರಿಗೆ ಏನು ಬರಿಯೂ ಅಧಿಕಾರ ಇತ್ತು, ಅದನ್ನ ನೋಡು," ಎಂದರು. ಹೆಚ್ಚು ವಿವರಿಸಲಿಲ್ಲ. ಅವ್ವ ಮತ್ತೊಂದು ರೊಟ್ಟಿ ಹಾಕಿದಳು.

ಬೆಳಿಗ್ಗೆ ಸಾಹೇಬರಿಗೆ ನಕಲು ಕೊಟ್ಟು, ತಂದೆ ಹೇಳಿದ್ದನ್ನೂ ಹೇಳಿದೆ. "ನಿಮ್ಮ ತಂದೆ ವಕೀಲರಾಗಬೇಕಿತ್ತು," ಎಂದು ನಕ್ಕರು. ಆಮೇಲೆ ಪುಸ್ತಕ ನನ್ನ ಕಡೆ ತಳ್ಳಿ, ಎರಡು ಕಲಮು ಪಕ್ಕಪಕ್ಕಕ್ಕೆ ಓದಿಸಿದರು. ಫಿರ್ಯಾದನ್ನು ವಜಾ ಮಾಡುವ ಅಧಿಕಾರ ಮ್ಯಾಜಿಸ್ಟ್ರೇಟರಿಗೆ ಇರುವುದು ಆರೋಪಿಯನ್ನು ಕರೆಸುವ ಮುಂಚೆ, ಫಿರ್ಯಾದಿನಲ್ಲಿ ಹುರುಳಿಲ್ಲ ಅನಿಸಿದಾಗ. ಸಮನ್ಸು ಹೋಗಿ ಆರೋಪಿ ಬಂದು ನಿಂತ ಮೇಲೆ ಇಂಥ ಸಣ್ಣ ಕೇಸಿನಲ್ಲಿ ಫಿರ್ಯಾದಿ ಗೈರುಹಾಜರಾದರೆ ಕಾನೂನು ಅವರಿಗೆ ಎರಡೇ ದಾರಿ ಕೊಡುತ್ತದೆ: ಮುದ್ದತು ಹಾಕಿ ದಿನ ಮುಂದೂಡಬೇಕು, ಇಲ್ಲವೇ ಖುಲಾಸೆ ಮಾಡಬೇಕು. ಇನ್ನೂರ ನಲವತ್ತೇಳನೇ ಕಲಮು. ಅವರು ಮುದ್ದತು ಹಾಕಲಿಲ್ಲ. ಹಾಗಾದರೆ ಉಳಿದದ್ದು?

"ಖುಲಾಸೆ," ಎಂದೆ.

"ಕಾಗದದ ಮೇಲೆ ಏನೇ ಹೆಸರಿಟ್ಟಿರಲಿ. ಸರಿ, ಇದನ್ನು ನೀವೇ ವಾದಿಸಿ."

"ನಾನು?"

"ನಕಲು ತಡವಾಗಿ ತಂದವರು ನೀವಲ್ಲವೆ? ಹಾಗಾದರೆ ಅದನ್ನು ಓದಿ ಹೇಳಬೇಕಾದವರೂ ನೀವೇ."

ವಿಚಾರಣೆಯ ದಿನ ನನ್ನ ಕರಿ ಕೋಟಿನ ಕಂಕುಳು ಹತ್ತು ಗಂಟೆಗೇ ಒದ್ದೆಯಾಗಿತ್ತು. ಅಣ್ಣಾರು ಬಿಳಿ ಪಂಚೆ ಉಟ್ಟು, ಹಣೆಗೆ ಗಂಧ ಹಚ್ಚಿಕೊಂಡು ಬಂದಿದ್ದರು. ವೈನಿಯೂ ಬಂದು ಕೊನೆಯ ಬೆಂಚಿನಲ್ಲಿ ಕುಳಿತಿದ್ದರು. ಈ ಸಲ ದಲಾಲರೂ ಹಾಜರಿದ್ದರು. ನಾನು ಅವರನ್ನು ನೋಡಿದ್ದು ಅದೇ ಮೊದಲು. ಅರವತ್ತರ ಮೇಲಿನ ಸಣಕಲು ಮನುಷ್ಯ, ಕರಿ ಟೋಪಿ, ಎಡ ಹುಬ್ಬನ್ನು ಎರಡಾಗಿ ಸೀಳಿದ ಬಿಳಿಯ ಗೆರೆ. ನಾನು ಮನಸ್ಸಿನಲ್ಲಿ ಕಲ್ಪಿಸಿಕೊಂಡಿದ್ದ ಜಗಳಗಂಟನ ಚಿತ್ರಕ್ಕೂ ಅವರಿಗೂ ಹೋಲಿಕೆಯೇ ಇರಲಿಲ್ಲ.

ಹೊಸ ಮ್ಯಾಜಿಸ್ಟ್ರೇಟರು ವಯಸ್ಸಿನಲ್ಲಿ ಚಿಕ್ಕವರು, ಮಾತು ಮೆಲ್ಲಗೆ. ನಾನು ಎದ್ದು ನಿಂತು, ಇದೇ ಘಟನೆಗೆ ಇದೇ ಆರೋಪಿಯ ವಿಚಾರಣೆ ಹಿಂದೆಯೇ ಆಗಿ ಮುಗಿದಿದೆ, ಆದ್ದರಿಂದ ಈ ಕೇಸು ನಡೆಯುವಂತಿಲ್ಲ ಎಂದು ಹೇಳಿ ನಕಲು ಕೊಟ್ಟೆ.

ಎದುರು ವಕೀಲರು ತಟ್ಟನೆ ಎದ್ದರು. "ಸಾಹೇಬ್, ಎಲ್ಲಿ ವಿಚಾರಣೆ? ಒಬ್ಬ ಸಾಕ್ಷಿಯನ್ನೂ ಕೇಳಿಲ್ಲ. ನನ್ನ ಕಕ್ಷಿದಾರರು ಬಾಯಿ ತೆರೆದಿಲ್ಲ. ಕಾಗದದಲ್ಲೇ ನೋಡಿ, ಫಿರ್ಯಾದು ವಜಾ ಎಂದಿದೆ. ವಜಾ ಆದರೆ ಖುಲಾಸೆಯಲ್ಲ ಎಂದು ಕಾನೂನೇ ಹೇಳುತ್ತದೆ."

ಮ್ಯಾಜಿಸ್ಟ್ರೇಟರು ನಕಲನ್ನು ಓದಿ ನನ್ನ ಕಡೆ ನೋಡಿದರು. "ಬೆನ್, ಅವರ ಮಾತಿನಲ್ಲಿ ತೂಕವಿದೆ. ನಿಮ್ಮ ಉತ್ತರ?"

ಸಾಹೇಬರ ಕಡೆ ತಿರುಗಿದೆ. ಅವರು ಕಿಟಕಿಯ ಆಚೆ ಏನನ್ನೋ ನೋಡುತ್ತಿದ್ದರು.

"ಸಾಹೇಬ್, ಈ ಹಾಳೆಯಲ್ಲಿ ಅದಕ್ಕಿಂತ ಮೇಲಿನ ಸಾಲು ನೋಡಬೇಕು," ಎಂದೆ. "ಹಿಂದಿನ ಮುದ್ದತ್ತಿನಲ್ಲಿ ಆರೋಪವನ್ನು ಓದಿ ಹೇಳಿದ್ದಾರೆ. ಆರೋಪಿ ಒಪ್ಪುವುದಿಲ್ಲ ಎಂದದ್ದನ್ನು ಬರೆದುಕೊಂಡಿದ್ದಾರೆ. ವಿಚಾರಣೆ ಅಲ್ಲಿಗೇ ಶುರುವಾಯಿತು. ಫಿರ್ಯಾದನ್ನು ವಜಾ ಮಾಡುವ ಹಂತ ದಾಟಿಹೋಗಿತ್ತು. ಆಮೇಲೆ ಫಿರ್ಯಾದಿ ಬರದಿದ್ದರೆ ಕೋರ್ಟಿಗೆ ಇದ್ದದ್ದು ಎರಡೇ ದಾರಿ, ಮುದ್ದತು ಅಥವಾ ಖುಲಾಸೆ. ಮುದ್ದತು ಹಾಕಲಿಲ್ಲ, ಕಡತವನ್ನೇ ಮುಗಿಸಿದರು. ಅದಕ್ಕೆ ಕಾನೂನಿನಲ್ಲಿರುವ ಹೆಸರು ಖುಲಾಸೆ ಒಂದೇ. ವಿವರಣೆಯಲ್ಲಿ ಹೇಳಿದ ವಜಾ ಬೇರೆ, ಅದು ಆರೋಪಿ ಬರುವ ಮುಂಚಿನದು."

"ಹಾಗಾದರೆ ಒಂದು ದಿನ ಬರಲಾಗದೆ ಹೋದರೆ ಮನುಷ್ಯನಿಗೆ ನ್ಯಾಯವೇ ಇಲ್ಲವೆ?" ಎಂದರು ಎದುರು ವಕೀಲರು. ಅದು ನಾಟಕದ ಮಾತಾಗಿರಲಿಲ್ಲ. ನನಗೂ ಚುಚ್ಚಿತು.

ಉತ್ತರ ಬಂದದ್ದು ಮ್ಯಾಜಿಸ್ಟ್ರೇಟರಿಂದಲೇ. "ದಾರಿ ಇತ್ತು. ಆ ಆದೇಶ ತಪ್ಪೆನಿಸಿದ್ದರೆ ಅರವತ್ತು ದಿನದೊಳಗೆ ಹೈಕೋರ್ಟಿಗೆ ಹೋಗಿ ಅಪೀಲಿಗೆ ಅನುಮತಿ ಕೇಳಬೇಕಿತ್ತು. ಅಲ್ಲಿ ಅದನ್ನು ತೆಗೆದುಹಾಕಿದ್ದರೆ ನಾನು ಈಗ ಕೇಸು ನಡೆಸುತ್ತಿದ್ದೆ. ನೀವು ಹೋಗಲಿಲ್ಲ. ಅದು ಊರ್ಜಿತವಾಗಿ ನಿಂತಿದೆ. ನಿಂತಿರುವಾಗ ಅದನ್ನು ಪಕ್ಕಕ್ಕೆ ಸರಿಸಿ ಹೊಸದಾಗಿ ಶುರುಮಾಡಲು ನನಗೆ ಅಧಿಕಾರವಿಲ್ಲ." ಕಪಾಳಮೋಕ್ಷದ ಹೊಸ ಸಾಲನ್ನೂ ಅವರು ಗಮನಿಸಿದ್ದರು. ಒಂದೇ ಜಗಳಕ್ಕೆ ಇನ್ನೊಂದು ಹೊಡೆತ ಸೇರಿಸಿದ ಮಾತ್ರಕ್ಕೆ ಅದು ಬೇರೆ ಅಪರಾಧವಾಗುವುದಿಲ್ಲ ಎಂದರು. ಊಟದ ವಿರಾಮದ ನಂತರ ಆದೇಶ ಓದಿದರು. ಮೊದಲ ಆದೇಶದ ಪರಿಣಾಮ ಖುಲಾಸೆಯೇ, ಈ ಫಿರ್ಯಾದಿನ ಮೇಲೆ ಮತ್ತೆ ವಿಚಾರಣೆ ನಡೆಯುವಂತಿಲ್ಲ, ಆರೋಪಿ ಹೋಗಬಹುದು.

ಅಂದೇ, ಕೋಟು ತೆಗೆಯುವ ಮುಂಚೆಯೇ, ನಕಲಿಗೆ ಅರ್ಜಿ ಹಾಕಿದೆ.

ಕೋರ್ಟಿನ ಅಂಗಳದಲ್ಲಿ ಬೇವಿನ ಮರದ ಕೆಳಗೆ ವೈನಿ ನನ್ನ ಎರಡೂ ಕೈ ಹಿಡಿದುಕೊಂಡರು. ಅಣ್ಣಾರು ಸಾಹೇಬರಿಗೆ ಕೈಮುಗಿದು, "ಇನ್ನು ಮೂರನೇದು ಬರೂದಿಲ್ಲ ಅಲ್ವಾ?" ಎಂದು ಹಿಂದಿಯಲ್ಲಿ ಕೇಳಿದರು.

"ಅವರು ಮೇಲಿನ ಕೋರ್ಟಿಗೆ ಹೋಗಿ ಈ ಆದೇಶವನ್ನು ಪ್ರಶ್ನಿಸಬಹುದು. ಆ ಅರ್ಜಿ ನಿಲ್ಲುವುದಿಲ್ಲ ಅಂತ ನನ್ನ ಲೆಕ್ಕ. ಗಾಯಕ್ಕೆ ಪರಿಹಾರ ಕೊಡಿ ಎಂದು ದಿವಾನಿ ದಾವೆ ಹಾಕಿದರೆ ಅದಕ್ಕೆ ಈ ನಿಯಮ ಅಡ್ಡ ಬರುವುದಿಲ್ಲ, ಅದು ಬೇರೆ. ಆದರೆ ಆ ಶನಿವಾರಕ್ಕಾಗಿ ಯಾರೂ ನಿಮ್ಮನ್ನು ಮತ್ತೆ ಕಟಕಟೆಯಲ್ಲಿ ನಿಲ್ಲಿಸುವಂತಿಲ್ಲ."

ಅಣ್ಣಾರು ನಗಲಿಲ್ಲ. ದಲಾಲರು ಒಬ್ಬರೇ ಗೇಟಿನ ಕಡೆ ನಡೆದು ಹೋಗುತ್ತಿದ್ದರು. ಅಣ್ಣಾರು ಅವರ ಬೆನ್ನನ್ನೇ ನೋಡುತ್ತಿದ್ದರು.

ಎರಡು ವಾರದ ಮೇಲೆ ಅಣ್ಣಾರೇ ಕಚೇರಿಗೆ ಬಂದರು. ಕಾಗದವಿರಲಿಲ್ಲ, ಸಮನ್ಸೂ ಇರಲಿಲ್ಲ.

"ತಂಗೀ, ಒಂದು ವಿಷಯ ಕೇಳ್ಬೇಕು. ನಾನು ಈಗ ಹೋಗಿ ಅವ್ರ ಹತ್ರ, ನಾನು ದೂಡಿದ್ದು ಹೌದು, ತಪ್ಪಾಯ್ತು ಅಂತ ಹೇಳಿದ್ರೆ ಕೇಸು ಪುನಃ ಏಳ್ತದಾ?"

ನಾನು ಸಾಹೇಬರ ಕೋಣೆಗೆ ಕರೆದೊಯ್ದೆ. ಸಾಹೇಬರು ಪೂರ್ತಿ ಕೇಳಿ, "ಇಲ್ಲಿಯ ತನಕ ಅವರಿಗೆ ಯಾಕೆ ಹೇಳಲಿಲ್ಲ?" ಎಂದರು.

"ಹೇಗೆ ಹೇಳೂದು ಸಾಹೇಬ್? ಹೇಳಿದ್ರೆ ಹೆದ್ರಿ ಹೇಳ್ತಾನೆ ಅಂತ ಆಗ್ತಿತ್ತು. ನೀವೂ ಬಾಯಿ ಮುಚ್ಚಿಕೊಂಡಿರು ಅಂದಿದ್ರಿ. ಈಗ ನನ್ನನ್ನು ಯಾರೂ ಎಂತದೂ ಮಾಡ್ಲಿಕ್ಕೆ ಇಲ್ಲ. ಈಗ ಹೇಳಿದ್ರೆ ಅದು ನಾನಾಗಿಯೇ ಹೇಳಿದ್ದು."

ಸಾಹೇಬರು ಮೇಜಿನ ಮೇಲಿದ್ದ ಪೆನ್ನನ್ನು ಅತ್ತಿತ್ತ ಉರುಳಿಸಿದರು. ನನಗೆ ಗೊತ್ತಿತ್ತು, ವಕೀಲರಾಗಿ ಅವರು ಬೇಡವೆನ್ನಬೇಕು. ಪರಿಹಾರದ ದಾವೆ ಹಾಕಿದರೆ ಈ ಒಪ್ಪಿಗೆಯೇ ಸಾಕ್ಷಿಯಾಗುತ್ತದೆ ಎಂದು ಎಚ್ಚರಿಸಿದರು ಕೂಡ. ಆಮೇಲೆ, "ಕ್ರಿಮಿನಲ್ ಕೇಸು ಏಳುವುದಿಲ್ಲ. ಹೋಗಿ ಬನ್ನಿ," ಎಂದರು. ಬಾಗಿಲ ತನಕ ಹೋದ ಅಣ್ಣಾರನ್ನು ಕರೆದು, "ಬೆನ್ ಕೂಡ ಬರಲಿ. ವಕೀಲಳಾಗಿ ಅಲ್ಲ. ಅವರು ಸೂರತ್ ನೋಡಿಲ್ಲ," ಎಂದರು.

ಹೀಗೆ ಜನವರಿಯ ಒಂದು ಭಾನುವಾರ ನಾನು, ಅಣ್ಣಾರು, ವೈನಿ ಬೆಳಗಿನ ರೈಲು ಹತ್ತಿದೆವು. ವಡೋದರಾದಲ್ಲಿ ವೈನಿ ಬುತ್ತಿ ಬಿಚ್ಚಿ ಕೊಟ್ಟೆಕಡುಬು ಕೊಟ್ಟರು. ಭರೂಚಿನ ಸೇತುವೆಯ ಮೇಲೆ ನರ್ಮದೆಗೆ ಕೈಮುಗಿದರು. ಅಣ್ಣಾರು ಮಾತ್ರ ದಾರಿಯುದ್ದಕ್ಕೂ ಏನನ್ನೋ ತುಟಿಯಲ್ಲೇ ಅಂದುಕೊಳ್ಳುತ್ತಿದ್ದರು. ಗುಜರಾತಿಯಲ್ಲಿ ಹೇಳಬೇಕಾದ ಮಾತನ್ನು ಹೊಂದಿಸಿಕೊಳ್ಳುತ್ತಿದ್ದರೆಂದು ಆಮೇಲೆ ಗೊತ್ತಾಯಿತು.

ದಲಾಲರ ಮನೆ ಹಳೆಯ ಊರಿನ ಓಣಿಯಲ್ಲಿ, ಮಗ್ಗದ ಸದ್ದಿನ ನಡುವೆ. ಬಾಗಿಲು ತೆರೆದವರು ಅವರೇ. ನಮ್ಮನ್ನು ನೋಡಿ ಅವರ ಮುಖ ಬಿಗಿಯಿತು. ಆದರೂ ಮನೆಗೆ ಬಂದವರನ್ನು ಹೊಸ್ತಿಲಲ್ಲಿ ನಿಲ್ಲಿಸುವ ರೂಢಿ ಆ ಊರಿಗಿಲ್ಲ. ಒಳಗೆ ಕರೆದು ಮರದ ಉಯ್ಯಾಲೆಯಲ್ಲಿ ಕೂರಲು ಹೇಳಿದರು. ನೀರು ಬಂತು.

ಅಣ್ಣಾರು ಕೂರಲಿಲ್ಲ. "ಸೇಠ್, ಕೋರ್ಟಿನಲ್ಲಿ ನಾನು ತಪ್ಪು ಒಪ್ಪೋದಿಲ್ಲ ಅಂದೆ. ಬೇಕಂತಲೇ ಬೀಳಿಸಿದ್ದಲ್ಲ, ಅದಕ್ಕೆ ಹಾಗಂದೆ. ಆದರೆ ದೂಡಿದ್ದು ನಾನು. ಹಿರಿಯರು ನೀವು. ಗಿರಾಕಿ ನೀವು. ನನ್ನ ಕೈಯಿಂದ ನಿಮ್ಮ ರಕ್ತ ಬಂತು. ಅದನ್ನು ಹೇಳಲಿಕ್ಕೆ ಬಂದೆ."

ದಲಾಲರ ಕೈ ತಾನಾಗಿ ಹುಬ್ಬಿನ ಮೇಲೆ ಹೋಯಿತು.

"ಇಷ್ಟನ್ನು ಅಂದೇ ಹೇಳಿದ್ದರೆ ನಾನು ಕೋರ್ಟಿಗೆ ಹೋಗುತ್ತಿರಲಿಲ್ಲ ಅಣ್ಣಾ," ಎಂದರು. "ನನಗೆ ನಿಮ್ಮನ್ನು ಜೈಲಿಗೆ ಕಳಿಸುವ ಆಸೆಯಿರಲಿಲ್ಲ. ಯಾರಾದರೂ ನನ್ನನ್ನು ಕೇಳಲಿ ಎಂದಿತ್ತು. ತಂಗಿಯ ಮಗಳ ಮದುವೆ ಇತ್ತು, ಸಾಕ್ಷಿಯ ದಿನ ಬರಲಾಗಲಿಲ್ಲ. ವಕೀಲರು ಹೋಗಿ ಮುದ್ದತು ತೆಗೆದುಕೊಳ್ಳುತ್ತಾರೆ ಅಂದುಕೊಂಡೆ, ಅವರೂ ಹೋಗಲಿಲ್ಲ. ಒಂದು ಪ್ರಶ್ನೆ ಕೇಳದೆ ಎಲ್ಲ ಮುಗಿದಿತ್ತು. ಎರಡನೆಯ ಸಲವೂ ಹಾಗೆಯೇ. ಈ ಬೆನ್ ಮಾತಾಡಿದರು, ಆ ವಕೀಲರು ಮಾತಾಡಿದರು. ನಾನು ಬೆಂಚಿನಲ್ಲಿ ಕುಳಿತೇ ಇದ್ದೆ."

ನಾನು ಗೆದ್ದದ್ದು ಸರಿಯಾಗಿಯೇ ಇತ್ತು. ಒಮ್ಮೆ ಬಿಟ್ಟವರನ್ನು ಎದುರಾಳಿಯ ಸಿಟ್ಟಿಗೆ ತಕ್ಕಂತೆ ಮತ್ತೆ ಮತ್ತೆ ಎಳೆಯುವಂತಿದ್ದರೆ ಯಾರೂ ಬೆಳಿಗ್ಗೆ ನೆಮ್ಮದಿಯಿಂದ ಅಂಗಡಿಯ ಬಾಗಿಲು ತೆಗೆಯಲಾಗುವುದಿಲ್ಲ. ಅದನ್ನು ಇಂದಿಗೂ ನಂಬುತ್ತೇನೆ. ಆದರೆ ಆ ನಿಯಮದ ಇನ್ನೊಂದು ಕಡೆಯಲ್ಲೂ ಒಬ್ಬ ಮನುಷ್ಯ ಕುಳಿತಿರುತ್ತಾನೆ ಎಂದು ಯಾವ ಪುಸ್ತಕದಲ್ಲೂ ಓದಿರಲಿಲ್ಲ. "ಕಾಕಾ, ಆ ದಿನ ಏನಾಯಿತು, ಈಗ ನನಗೆ ಹೇಳಿ," ಎಂದೆ.

ಅವರು ಹೇಳಿದರು. ಶುರುವಿನಿಂದ ಹೇಳಿದರು. ಆ ಕೇಸರಿ ತುಂಡು ಹೊಸ ನೇಯ್ಗೆಯದು, ಊರಿನಲ್ಲೇ ಒಂದೇ ಮಾದರಿ, ಅದನ್ನು ತೋರಿಸಿ ಒಪ್ಪಿಸಲೆಂದೇ ಅಷ್ಟು ದೂರ ಬಂದದ್ದು; ಎರಡು ಮೇಜು ಹಿಡಿದದ್ದು ತಮ್ಮ ತಪ್ಪು; ಕಾಲರಿಗೆ ಕೈಹಾಕಿದ್ದು ಇನ್ನೂ ದೊಡ್ಡ ತಪ್ಪು. ಕಪಾಳಕ್ಕೆ ಹೊಡೆದದ್ದು? "ಅದು ವಕೀಲರು ಬರೆದದ್ದು. ನಾನು ಸಹಿ ಹಾಕಿದೆ," ಎಂದು ನಾಚಿಕೊಂಡರು. ಅಣ್ಣಾರು ನಡುನಡುವೆ, "ಹೌದು, ಅದು ಹಾಗೇ," ಎನ್ನುತ್ತಿದ್ದರು. ಅರ್ಧಗಂಟೆಯಲ್ಲಿ ಇಡೀ ಕೇಸಿನ ವಿಚಾರಣೆ ಆ ಪಡಸಾಲೆಯಲ್ಲಿ ಆಗಿಹೋಯಿತು. ಯಾರೂ ಬರೆದುಕೊಳ್ಳಲಿಲ್ಲ.

ವೈನಿ ಆಗಲೇ ಅಡುಗೆಮನೆಯಲ್ಲಿದ್ದರು. ದಲಾಲರ ಹೆಂಡತಿಗೆ ಕನ್ನಡ ಬಾರದು, ವೈನಿಯ ಗುಜರಾತಿ ತರಕಾರಿ ಮಾರುಕಟ್ಟೆಯ ಆಚೆ ಹೋಗಿರಲಿಲ್ಲ. ಆದರೂ ಇಬ್ಬರ ಮಾತೂ ನಗುವೂ ಕೇಳುತ್ತಿತ್ತು.

ಸಂಜೆಯ ರೈಲಿಗೆ ಇನ್ನೂ ಹೊತ್ತಿತ್ತು. ದಲಾಲರು ಟೋಪಿ ಹಾಕಿಕೊಂಡು, "ಸೂರತ್ತಿಗೆ ಚಳಿಗಾಲದಲ್ಲಿ ಬಂದು ಪೋಂಕ್ ತಿನ್ನದೆ ಹೋಗುವಂತಿಲ್ಲ," ಎಂದು ತಾಪಿ ನದಿಯ ದಂಡೆಗೆ ಕರೆದೊಯ್ದರು. ಅಲ್ಲಿ ಸಾಲಾಗಿ ಒಲೆಗಳು, ಹೊಗೆ, ಜೋಳದ ಎಳೆಯ ತೆನೆಗಳನ್ನು ಸುಟ್ಟು ಬಡಿದು ಹಸಿರು ಕಾಳು ಉದುರಿಸುವ ಹೆಂಗಸರು. ಎಲೆಯ ದೊನ್ನೆಯಲ್ಲಿ ಬಿಸಿಕಾಳು ಹಾಕಿ, ಮೇಲೆ ಸೇವು ಉದುರಿಸಿ, ಲಿಂಬೆ ಹಿಂಡಿ ಕೊಟ್ಟರು. ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡವಳು ನಿಂತುಬಿಟ್ಟೆ.

"ಎಂತ ಆಯ್ತು ತಂಗೀ?"

"ಇದು ಸೀತನಿರೀ ಅಣ್ಣಾರ! ನಮ್ಮ ಹೊಲದಾಗಿನ ಸೀತನಿ!"

ನಾಲ್ಕು ವರ್ಷದಿಂದ ತಿಂದಿರಲಿಲ್ಲ. ಧಾರವಾಡದ ಎರೆಹೊಲದ ಬದುವಿನಲ್ಲಿ ಅಜ್ಜ ಕೆಂಡದಲ್ಲಿ ತೆನೆ ಸುಟ್ಟು ಅಂಗೈಯಲ್ಲಿ ತಿಕ್ಕಿ ಕೊಡುತ್ತಿದ್ದುದನ್ನು ಹರಕು ಗುಜರಾತಿಯಲ್ಲಿ ದಲಾಲರಿಗೆ ವಿವರಿಸಿದೆ. ಅವರಿಗೆ ಅದೆಷ್ಟು ಖುಷಿಯಾಯಿತೆಂದರೆ ನಮ್ಮ ತಂದೆಗೆಂದು ಬೇರೆ ಪೊಟ್ಟಣ ಕಟ್ಟಿಸಿದರು. ಅಣ್ಣಾರು ಮೊದಲು ಅನುಮಾನದಿಂದ ಮೂಸಿ ನೋಡಿ, ಆಮೇಲೆ ಎರಡನೆಯ ದೊನ್ನೆ ಕೇಳಿದರು. ಸೂರ್ಯ ನದಿಯ ಆಚೆ ಇಳಿಯುತ್ತಿದ್ದ. ಅಣ್ಣಾರೂ ದಲಾಲರೂ ದಂಡೆಯ ಕಲ್ಲಿನ ಮೇಲೆ ಅಕ್ಕಪಕ್ಕ ಕುಳಿತು, ಜೋಳದ ಹಿಟ್ಟಿನಲ್ಲಿ ದೋಸೆ ಏಳುತ್ತದೋ ಇಲ್ಲವೋ ಎಂದು ದೊಡ್ಡ ದನಿಯಲ್ಲಿ ವಾದ ಮಾಡುತ್ತಿದ್ದರು.